ವೀರಗಲ್ಲಿನ ಚಿತ್ರ ಹಾಕುವ ಮುನ್ನ

ಆತ್ಮೀಯ ಸದಸ್ಯರೇ,

ಗುಂಪಿಗೆ ಬರುವ ವೀರಗಲ್ಲುಗಳ ಚಿತ್ರಗಳಿಗೆಲ್ಲ ‘ಯುದ್ಧದಲ್ಲಿ ಮಡಿದ ಯೋಧ’ ಎಂಬ ಒಂದೇ ಅಡಿಬರಹ ಸಾಲದು. ಮೇಲಿನ ಹಂತದ ಲಿಂಗಪೂಜೆ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಇವು ಕಲ್ಲಿನಿಂದ ಕಲ್ಲಿಗೆ ಹೆಚ್ಚು ಬದಲಾಗುವುದಿಲ್ಲ. ಘಟನೆಯ ಸುಳಿವು ಸಾಮಾನ್ಯವಾಗಿ ಇರುವುದು ಕೆಳಗಿನ ಹಂತದಲ್ಲಿ. ಅದು ಎಷ್ಟೋ ಕಡೆ ಮಣ್ಣಿನಲ್ಲಿ ಹೂತಿರುವುದರಿಂದ, ದನಗಳನ್ನು ಉಳಿಸಲು ಕಾದಾಡಿ ಸತ್ತವನ ಕಲ್ಲಿನಲ್ಲೂ ದನಗಳ ಸಾಲು ಕಣ್ಣಿಗೇ ಬೀಳುವುದಿಲ್ಲ.

ಅಕ್ಷರಗಳಿದ್ದರೆ ಕ್ರಿಯಾಪದವನ್ನು ಗಮನಿಸಿ. ‘ತುಱುಗೊಳೆ ಕಾದಿ ಸತ್ತಂ’ ಎಂದರೆ ದನ ಹಿಡಿದಾಗ ಹೋರಾಡಿ ಸತ್ತನೆಂದಷ್ಟೇ ಅರ್ಥ. ‘ತುಱುವಂ ಮಗುಳ್ಚಿ ಸತ್ತಂ’ ಎಂದಿದ್ದರೆ ವೀರ ಸತ್ತರೂ ದನ ಊರಿಗೆ ಮರಳಿದವು. ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳು ಬಂದರೆ ಪ್ರಸಂಗವೇ ಬೇರೆ: ಮೊದಲನೆಯದು ಊರಿನ ನಾಶ, ಎರಡನೆಯದು ಹೆಣ್ಣುಮಕ್ಕಳ ಅಪಹರಣಕ್ಕೆ ಸಂಬಂಧಿಸಿದ ಕೂಗು.

ಶಾಸನದ ಆರಂಭದಲ್ಲಿ ರಾಜನ ಹೆಸರಿದ್ದ ಮಾತ್ರಕ್ಕೆ ಅದು ರಾಜರ ಯುದ್ಧವಾಗದು. ಆ ಹೆಸರು ಹಲವು ವೇಳೆ ಕಾಲಸೂಚಕ ಮಾತ್ರ. ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಕಲ್ಲಿನಲ್ಲಿ ಗಂಗ ದೊರೆ ಶ್ರೀಪುರುಷನ ಹೆಸರಿನ ಜೊತೆಗೆ ರಟ್ಟವಾಡಿಯವರೊಡನೆ, ಎಂದರೆ ರಾಷ್ಟ್ರಕೂಟರ ಕಡೆಯವರೊಡನೆ, ನಡೆದ ಕಾದಾಟದ ಉಲ್ಲೇಖವೂ ಇರುವುದರಿಂದ ಅದನ್ನು ದೊಡ್ಡ ರಾಜಕೀಯಕ್ಕೆ ಜೋಡಿಸಬಹುದು. ಎದುರಾಳಿಯನ್ನೇ ಹೇಳದ ತುರುಗೋಳಿನ ಕಲ್ಲಿಗೆ ಆ ಧೈರ್ಯ ಬೇಡ. ಪಕ್ಕದ ಊರಿನವರೇ ದನ ಹೊಡೆದಿರಬಹುದು.

ಕಲ್ಲುಗಳನ್ನು ಎಣಿಸಿ ದಾಳಿಗಳನ್ನು ಲೆಕ್ಕ ಹಾಕುವುದೂ ತಪ್ಪು. ಸ್ಮಾರಕ ನಿಲ್ಲಿಸುವವರಿಲ್ಲದೆ ಸತ್ತವರು ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಮುಂದೆ ಓರೆಬೆಳಕಿನಲ್ಲಿ, ಬುಡ ಕಾಣುವಂತೆ ಚಿತ್ರ ತೆಗೆದು, ಕಲ್ಲು ಮೂಲ ಜಾಗದಲ್ಲಿದೆಯೇ, ಗುಡಿಯಂಗಳಕ್ಕೆ ತಂದದ್ದೇ ಎಂಬುದನ್ನೂ ಬರೆಯಬೇಕಾಗಿ ವಿನಂತಿ. ಬುಡದ ಮಣ್ಣನ್ನು ಮಾತ್ರ ದಯವಿಟ್ಟು ಅಗೆಯಬೇಡಿ.