ಆಮದು ಸೀಲ್ ಕಿಟ್‌ಗಳಿಗೆ ಕಾರ್ಡು ಪದ್ಧತಿ ನಿಲ್ಲಿಸುತ್ತಿರುವ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕ ಬಂಧುಗಳಿಗೆ ಸಾದರ ನಮಸ್ಕಾರಗಳು.

ವಿದೇಶದಿಂದ ತರಿಸುವ ಹೈಡ್ರಾಲಿಕ್ ಸೀಲ್ ಕಿಟ್‌ಗಳ ಖರೀದಿಯಲ್ಲಿ ನಾವು ಇಷ್ಟು ದಿನ ನಡೆಸಿಕೊಂಡು ಬಂದ ಕಾನ್‌ಬಾನ್ ಕಾರ್ಡು ಪದ್ಧತಿಯನ್ನು ಬರುವ ತಿಂಗಳ ಮೊದಲ ತಾರೀಖಿನಿಂದ ನಿಲ್ಲಿಸುತ್ತಿದ್ದೇವೆ. ಈ ಕಿಟ್‌ಗಳನ್ನು ಇನ್ನು ಮುಂದೆ ಬೆಳಗಾವಿಯ ನಮ್ಮ ಗೋದಾಮಿನಲ್ಲಿ ಮುಂಗಡವಾಗಿ ದಾಸ್ತಾನು ಮಾಡಿ ಇಡುತ್ತೇವೆ ಮತ್ತು ಅದರ ಖರ್ಚಿನ ಭಾಗವಾಗಿ ದರದಲ್ಲಿ ಸ್ವಲ್ಪ ಏರಿಕೆಯಾಗುತ್ತದೆ. ನಿಮ್ಮ ವರ್ಕ್‌ಶಾಪ್‌ಗಳಲ್ಲಿ ನಾವು ಇಟ್ಟಿರುವ ಎರಡು ಡಬ್ಬಿಗಳ ವ್ಯವಸ್ಥೆ ಹಾಗೆಯೇ ಮುಂದುವರಿಯುತ್ತದೆ. ಕಳೆದ ಹಂಗಾಮಿನಲ್ಲಿ ಕಿಟ್‌ಗಾಗಿ ಕಾದು ಕುಳಿತವರಿಗೆ ಆದ ತೊಂದರೆಗೆ ನಮಗೆ ನಿಜವಾಗಿಯೂ ವಿಷಾದವಿದೆ. ಆದರೆ ಆ ತೊಂದರೆಯ ಕಾರಣವನ್ನು ಸರಿಯಾಗಿ ತಿಳಿಸದೆ ಬರೀ ಕ್ಷಮೆ ಕೇಳಿದರೆ ಅದು ನಿಮ್ಮ ಯಾವ ಕೆಲಸಕ್ಕೂ ಬಾರದು.

ನಮ್ಮ ಕಿವಿಗೆ ಮತ್ತೆ ಮತ್ತೆ ಬಿದ್ದಿರುವ ದೂರು ಒಂದೇ. "ಟೊಯೊಟಾದಂಥ ಕಂಪನಿಯೇ ದಾಸ್ತಾನು ಇಡದೆ ಕಾರ್ಡಿನ ಮೇಲೆ ಕೆಲಸ ನಡೆಸುತ್ತದೆ, ನಿಮಗೇಕೆ ಆಗುವುದಿಲ್ಲ? ನಿಮ್ಮ ಗೋದಾಮಿನ ಖರ್ಚನ್ನು ನಾವೇಕೆ ಹೊರಬೇಕು?" ಎಂದು ಹಲವರು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಉತ್ತರವನ್ನು ಲೆಕ್ಕದ ಸಮೇತ ಕೊಡುತ್ತೇವೆ.

ಕಾರ್ಡು ಪದ್ಧತಿಯಲ್ಲಿ ಪ್ರತಿ ಪೆಟ್ಟಿಗೆಗೆ ಒಂದು ಕಾರ್ಡು ಇರುತ್ತದೆ. ಪೆಟ್ಟಿಗೆ ಖಾಲಿಯಾದಾಗ ಅದರ ಕಾರ್ಡು ಪೂರೈಕೆದಾರರ ಕಡೆಗೆ ಹೋಗುತ್ತದೆ ಮತ್ತು ಅದೇ ಕಾರ್ಡು ತುಂಬಿದ ಪೆಟ್ಟಿಗೆಯ ಜೊತೆ ಹಿಂದಿರುಗುತ್ತದೆ. ಕಾರ್ಡು ಇಲ್ಲದೆ ಆರ್ಡರ್ ಇಲ್ಲ ಎಂಬುದೇ ಅದರ ಮೂಲ ನಿಯಮ, ಮತ್ತು ಮಾಲು ಅತಿಯಾಗಿ ಸೇರದಂತೆ ತಡೆಯುವುದೂ ಅದೇ ನಿಯಮ. ಎಷ್ಟು ಕಾರ್ಡು ಬೇಕೆಂಬುದನ್ನು ವಾರದ ಬಳಕೆಯನ್ನು ಲೀಡ್ ಟೈಮ್‌ನಿಂದ, ಅಂದರೆ ಆರ್ಡರ್ ಹೋದ ದಿನದಿಂದ ಮಾಲು ಕೈಸೇರುವವರೆಗಿನ ವಾರಗಳಿಂದ ಗುಣಿಸಿ, ಅದಕ್ಕೆ ಸ್ವಲ್ಪ ಹೆಚ್ಚುವರಿ ಸೇರಿಸಿ, ಒಂದು ಪೆಟ್ಟಿಗೆಯಲ್ಲಿ ಹಿಡಿಯುವ ಸಂಖ್ಯೆಯಿಂದ ಭಾಗಿಸಿ ಕಂಡುಕೊಳ್ಳುತ್ತಾರೆ.

ನಮ್ಮಲ್ಲಿ ಹೆಚ್ಚು ಖರ್ಚಾಗುವ 60 ಮಿಲಿಮೀಟರ್ ರಾಡ್‌ನ ಕಿಟ್ಟನ್ನೇ ತೆಗೆದುಕೊಳ್ಳಿ. ನಿಮ್ಮೆಲ್ಲರದು ಸೇರಿ ವಾರಕ್ಕೆ ಸುಮಾರು 20 ಕಿಟ್ ಖರ್ಚಾಗುತ್ತದೆ, ಪೆಟ್ಟಿಗೆಗೆ 10 ಕಿಟ್ ಬರುತ್ತವೆ. ಯುರೋಪಿನ ತಯಾರಕರಲ್ಲಿ ಸರದಿ ಬಂದು ಮಾಲು ತಯಾರಾಗಲು, ಹಡಗಿನಲ್ಲಿ ನವಾ ಶೇವಾ ಬಂದರಿಗೆ ಬರಲು, ಕಸ್ಟಮ್ಸ್ ಮುಗಿದು ಕೊಲ್ಹಾಪುರದ ಮೇಲೆ ಲಾರಿಯಲ್ಲಿ ಉದ್ಯಮಬಾಗ ತಲುಪಲು ಸರಾಸರಿ 8 ವಾರ ಬೇಕು. ಶೇಕಡಾ 10ರಷ್ಟು ಹೆಚ್ಚುವರಿ ಸೇರಿಸಿದರೆ 18 ಕಾರ್ಡು, ಅಂದರೆ ಕಪಾಟಿನಲ್ಲಿರುವುದು ಮತ್ತು ದಾರಿಯಲ್ಲಿರುವುದು ಎರಡೂ ಸೇರಿ 180 ಕಿಟ್. ಎಂಟೇ ವಾರದಲ್ಲಿ ಮಾಲು ಬರುವವರೆಗೆ ಈ ಲೆಕ್ಕ ಚೆನ್ನಾಗಿಯೇ ನಡೆಯುತ್ತದೆ.

ಈಗ ಅವಧಿ 12 ವಾರಕ್ಕೆ ಹೋಯಿತೆನ್ನಿ. ಇದು ಊಹೆಯ ಮಾತಲ್ಲ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ಗುಡ್ ಹೋಪ್ ಭೂಶಿರ ಸುತ್ತಿ ಬಂದ ಹಡಗುಗಳಿಗೆ ಆ ಸುತ್ತಿನಿಂದಲೇ ಹತ್ತು ದಿನದಿಂದ ಎರಡು ವಾರದವರೆಗೆ ಹೆಚ್ಚು ಹಿಡಿದಿದೆ. ಸರದಿ ತಪ್ಪಿದ ಹಡಗು, ತುಂಬಿದ ಬಂದರು ಬೇರೆ. 12 ವಾರವಾದಾಗ ಕಪಾಟಿನ ಪೆಟ್ಟಿಗೆಗಳು ಖಾಲಿಯಾಗುತ್ತಾ ಹೋಗಿ 18 ಕಾರ್ಡುಗಳೂ ದಾರಿಯಲ್ಲಿರುವ ಮಾಲಿನ ಬೆನ್ನ ಮೇಲೆಯೇ ಸಿಕ್ಕಿಕೊಳ್ಳುತ್ತವೆ. ನಮ್ಮ ಕೈಯಲ್ಲಿ ಕಳುಹಿಸಲು ಒಂದು ಕಾರ್ಡೂ ಉಳಿಯುವುದಿಲ್ಲ. 180 ಕಿಟ್‌ಗಳು 12 ವಾರಕ್ಕೊಮ್ಮೆ ತಿರುಗಿದರೆ ವಾರಕ್ಕೆ ಸಿಗುವುದು 15 ಮಾತ್ರ, ನಿಮಗೆ ಬೇಕಾದದ್ದು 20. ಅಂದರೆ ಹೆಚ್ಚು ತರಿಸಬೇಕಾದ ಹೊತ್ತಿನಲ್ಲೇ ಈ ಪದ್ಧತಿ ಆರ್ಡರ್ ಮಾಡುವ ದಾರಿಯನ್ನು ಮುಚ್ಚಿಬಿಡುತ್ತದೆ. ಇನ್ನೊಂದು ವಿಷಯವನ್ನು ಗಮನಿಸಬೇಕು: ಕಪಾಟು ಬರಿದಾಗಿದ್ದಾಗ ನೀವು ಬಂದು ಬರಿಗೈಯಲ್ಲಿ ಹೋದರೆ ಯಾವ ಪೆಟ್ಟಿಗೆಯೂ ಖಾಲಿಯಾಗುವುದಿಲ್ಲ, ಆದ್ದರಿಂದ ಯಾವ ಕಾರ್ಡೂ ಚಲಿಸುವುದಿಲ್ಲ. ಕೊಡಲಾಗದೆ ಉಳಿದ ಬೇಡಿಕೆ ಆ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದೇ ಇಲ್ಲ.

ಹಾಗಾದರೆ ಕಾರ್ಡುಗಳನ್ನು ಹೆಚ್ಚಿಸಬಹುದಲ್ಲ ಎಂದು ನಮ್ಮ ಹಿರಿಯ ಗ್ರಾಹಕರೊಬ್ಬರು ಕೇಳಿದರು. ಹೆಚ್ಚಿಸಬಹುದು. 13 ವಾರದ ವಿಳಂಬವನ್ನೂ ತಡೆದುಕೊಳ್ಳಬೇಕೆಂದರೆ ಅದೇ ಲೆಕ್ಕದಲ್ಲಿ 29 ಕಾರ್ಡು ಬೇಕಾಗುತ್ತದೆ. ಆದರೆ ಮಾಲು 8 ವಾರದಲ್ಲೇ ಬಂದ ದಿನಗಳಲ್ಲಿ ನೂರಕ್ಕೂ ಹೆಚ್ಚು ಕಿಟ್ ಕಪಾಟಿನಲ್ಲಿ ಕೂತಿರುತ್ತವೆ. ಹಾಗೆ ಮಾಡಿದರೂ ದಾಸ್ತಾನು ಇಟ್ಟಂತೆಯೇ ಆಯಿತು, ಮತ್ತು ಅವಧಿ ಬದಲಾದಾಗಲೆಲ್ಲ ಕಾರ್ಡುಗಳನ್ನು ಹಾಕುವ, ತೆಗೆಯುವ ತಲೆನೋವು ಬೇರೆ. ದಾಸ್ತಾನು ಇಡಲೇಬೇಕೆಂದ ಮೇಲೆ ಅದನ್ನು ನೇರವಾಗಿ ಲೆಕ್ಕ ಹಾಕಿ, ನಿಮಗೆ ತೋರಿಸಿ ಇಡುವುದೇ ಸರಿ ಎಂಬುದು ನಮ್ಮ ನಿಲುವು.

ಟೊಯೊಟಾದ ಮಾತಿಗೆ ಬರುತ್ತೇವೆ. ತೈಇಚಿ ಓನೊ ಅವರು ರೂಪಿಸಿದ ಆ ಪದ್ಧತಿ ನಡೆಯುವುದು ಪೂರೈಕೆದಾರರು ಹತ್ತಿರವಿದ್ದು, ದಿನಕ್ಕೆ ಹಲವು ಸಲ ಮಾಲು ಬಂದು, ಉತ್ಪಾದನೆಯನ್ನು ಮೊದಲೇ ಸಮನಾಗಿ ಹಂಚಿ ಇಟ್ಟಿರುವಲ್ಲಿ. ಅಲ್ಲಿಯೂ ಅದಕ್ಕೆ ಮಿತಿಯಿದೆ. 1997ರ ಫೆಬ್ರುವರಿ 1ರಂದು ಐಸಿನ್ ಸೇಕಿ ಕಂಪನಿಯ ಕಾರಿಯಾ ಘಟಕಕ್ಕೆ ಬೆಂಕಿ ಬಿದ್ದು ಬ್ರೇಕಿನ ಒಂದು ಸಣ್ಣ ವಾಲ್ವ್ ಸಿಗದಂತಾದಾಗ ಜಪಾನಿನಲ್ಲಿ ಟೊಯೊಟಾದ ಬಹುತೇಕ ಉತ್ಪಾದನೆ ಕೆಲವು ದಿನ ನಿಂತುಹೋಯಿತು. 2011ರ ಭೂಕಂಪದ ನಂತರ ಅದೇ ಕಂಪನಿಯು, ಸಿಗಲು ಬಹಳ ಸಮಯ ಹಿಡಿಯುವ ಸೆಮಿಕಂಡಕ್ಟರ್ ಚಿಪ್‌ಗಳ ವಿಷಯದಲ್ಲಿ ಎರಡರಿಂದ ಆರು ತಿಂಗಳ ದಾಸ್ತಾನು ಇಟ್ಟುಕೊಳ್ಳುವಂತೆ ತನ್ನ ಪೂರೈಕೆದಾರರಿಗೆ ಹೇಳಿತು. ಕಾರ್ಡು ಪದ್ಧತಿಯನ್ನು ಲೋಕಕ್ಕೆ ಕೊಟ್ಟವರೇ ದೂರದ, ಭರವಸೆಯಿಲ್ಲದ ಮಾಲಿಗೆ ಬೇರೆ ನಿಯಮ ಮಾಡಿಕೊಂಡಿರುವಾಗ, ಉದ್ಯಮಬಾಗದ ಒಂದು ಸಣ್ಣ ಸಂಸ್ಥೆ ಹಾಗೆ ಮಾಡಿದರೆ ಅದನ್ನು ಸೋಮಾರಿತನ ಎನ್ನುವುದು ನ್ಯಾಯವಲ್ಲ.

ನಮ್ಮ ಭಾಗಕ್ಕೆ ಇನ್ನೊಂದು ಕಾರಣವೂ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಮಳೆಗಾಲದಲ್ಲಿ ಯಂತ್ರಗಳನ್ನು ಬಿಚ್ಚಿ ದುರಸ್ತಿ ಮಾಡುತ್ತವೆ, ಸಿಲಿಂಡರ್‌ಗಳ ಸೀಲುಗಳೆಲ್ಲ ಆಗಲೇ ಬದಲಾಗುತ್ತವೆ. ಜೂನ್‌ನಲ್ಲಿ ಬೇಕಾಗುವ ಮಾಲಿನ ಆರ್ಡರ್ ಮಾರ್ಚ್‌ನಲ್ಲೇ ಹೋಗಬೇಕು. ಆದರೆ ಕಾರ್ಡಿಗೆ ಮುಂದಿನದು ಗೊತ್ತಿಲ್ಲ. ಖರ್ಚಾದದ್ದನ್ನು ಮಾತ್ರ ಅದು ಹೇಳುತ್ತದೆ. ಜೂನ್‌ನಲ್ಲಿ ಪೆಟ್ಟಿಗೆ ಖಾಲಿಯಾದಾಗ ಹೊರಟ ಕಾರ್ಡಿನ ಮಾಲು ಸಿಗುವುದು ಆಗಸ್ಟ್‌ನಲ್ಲಿ ಅಥವಾ ಇನ್ನೂ ತಡವಾಗಿ, ನಿಮ್ಮ ಫಿಟ್ಟರ್‌ಗಳು ಸಿಲಿಂಡರ್ ಬಿಚ್ಚಿಟ್ಟುಕೊಂಡು ಕಾದು ಸುಸ್ತಾದ ಮೇಲೆ.

ಇನ್ನು ಖರ್ಚಿನ ವಿಷಯ. ಇದರ ಬಗ್ಗೆ ನಮ್ಮ ಮೇಲೆ ಆಡಿದ ಮಾತುಗಳು ನಮಗೆ ನೋವು ತಂದಿವೆ. ಅದೇ ಕಿಟ್‌ನ ಬಳಕೆ ವಾರಕ್ಕೆ 20ರ ಆಸುಪಾಸಿನಲ್ಲಿ 7ರಷ್ಟು, ಅವಧಿ 8 ವಾರದ ಆಸುಪಾಸಿನಲ್ಲಿ 3 ವಾರದಷ್ಟು ಏರಿಳಿಯುತ್ತದೆ. ನೂರು ಸಲದಲ್ಲಿ 95 ಸಲ ಮಾಲು ತೀರಬಾರದೆಂದರೆ ಸುಮಾರು 104 ಕಿಟ್ ಹೆಚ್ಚುವರಿಯಾಗಿ ಇಡಬೇಕು. ಅವಧಿ 8 ವಾರವೇ ಆಗಿದ್ದು ಒಂದು ದಿನವೂ ಹಿಂದೆ ಮುಂದೆ ಆಗದಿದ್ದರೆ 33 ಕಿಟ್ ಸಾಕಾಗುತ್ತಿತ್ತು. ಉಳಿದ 71 ಕಿಟ್‌ಗಳ ಹೊರೆ ನಿಮ್ಮ ಬಳಕೆಯಿಂದ ಬಂದದ್ದಲ್ಲ, ನಮ್ಮ ಕೆಲಸದಿಂದ ಬಂದದ್ದೂ ಅಲ್ಲ. ಮಾಲು ಎಂದು ಬರುತ್ತದೆಂಬ ಖಾತ್ರಿಯಿಲ್ಲದಿರುವುದಕ್ಕೆ ತೆರಬೇಕಾದ ಬೆಲೆ ಅದು. ಕಿಟ್‌ಗೆ ನಮಗೆ ಬೀಳುವ ದರ 900 ರೂಪಾಯಿ ಎಂದು ಹಿಡಿದರೆ 104 ಕಿಟ್‌ಗಳಲ್ಲಿ 93,600 ರೂಪಾಯಿ ಕೂತಿರುತ್ತದೆ. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇಕಡಾ 12ರಂತೆ 11,232 ರೂಪಾಯಿ. ವರ್ಷಕ್ಕೆ ಸಾವಿರ ಕಿಟ್ ಮಾರಾಟವಾದರೆ ಒಂದಕ್ಕೆ 11 ರೂಪಾಯಿ ಚಿಲ್ಲರೆ. ನಾವು ಏರಿಸುತ್ತಿರುವುದು ಆ 11 ರೂಪಾಯಿ ಮಾತ್ರ. ಗೋದಾಮಿನ ಜಾಗ, ವಿಮೆ, ಬಹಳ ದಿನ ಕೂತು ಗಡಸಾದ ಸೀಲುಗಳ ನಷ್ಟ ಇವೆಲ್ಲ ನಮ್ಮ ಪಾಲಿಗೇ ಇರಲಿ. ಮಾಲು ಬಚ್ಚಿಟ್ಟು ದರ ಏರಿಸುವ ವ್ಯಾಪಾರ ನಮ್ಮಲ್ಲಿ ಎಂದೂ ನಡೆದಿಲ್ಲ ಎಂಬುದು ನಿಮಗೇ ಗೊತ್ತು.

ಹೊಸ ಕ್ರಮ ಹೀಗಿರುತ್ತದೆ. ಕೈಯಲ್ಲಿರುವ ಮತ್ತು ದಾರಿಯಲ್ಲಿರುವ ಕಿಟ್‌ಗಳನ್ನು ಕೂಡಿ, ನಿಮಗೆ ಕೊಡಲು ಒಪ್ಪಿಕೊಂಡು ಬಾಕಿ ಉಳಿದದ್ದನ್ನು ಅದರಿಂದ ಕಳೆದಾಗ, ಮೊತ್ತವು 264ಕ್ಕೆ, ಅಂದರೆ ಎಂಟು ವಾರದ ಬಳಕೆ 160 ಮತ್ತು ಹೆಚ್ಚುವರಿ 104ಕ್ಕೆ, ಇಳಿದ ಕೂಡಲೇ ಆರ್ಡರ್ ಹೋಗುತ್ತದೆ. ಬಾಕಿಯನ್ನು ಕಳೆಯುವುದರಿಂದ ನೀವು ಬರಿಗೈಯಲ್ಲಿ ಹೋದ ಬೇಡಿಕೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬಂದ ಪ್ರತಿ ಕನ್‌ಸೈನ್‌ಮೆಂಟ್ ಎಷ್ಟು ವಾರ ಹಿಡಿಯಿತೆಂದು ಬರೆದಿಟ್ಟು, ತಿಂಗಳಿಗೊಮ್ಮೆ ಈ ಸಂಖ್ಯೆಗಳನ್ನು ತಿದ್ದುತ್ತೇವೆ. ಸರಾಸರಿಯನ್ನಷ್ಟೇ ನೋಡಿದರೆ ಮೋಸ ಹೋಗುತ್ತೇವೆ. ಬೇಗ ಬಂದದ್ದಕ್ಕೂ ತಡವಾಗಿ ಬಂದದ್ದಕ್ಕೂ ಇರುವ ಅಂತರ ಹಿಗ್ಗುತ್ತಿದೆಯೇ ಎಂಬುದನ್ನು ನೋಡಬೇಕು. ಸ್ವಂತ ಆಮದು ಇರುವ ಗ್ರಾಹಕರಿಗೂ ಇದೇ ನಮ್ಮ ಸಲಹೆ.

ಉದ್ಯಮಬಾಗ ಮತ್ತು ಮಚ್ಚೆಯ ಘಟಕಗಳಿಂದ ಬರುವ ಬುಷ್, ಪಿನ್, ಗ್ಲ್ಯಾಂಡ್‌ಗಳಿಗೆ ಕಾರ್ಡು ಪದ್ಧತಿಯೇ ಇರುತ್ತದೆ. ವಾರದೊಳಗೆ, ಹೇಳಿದ ದಿನವೇ ಬರುವ ಮಾಲಿಗೆ ಅದಕ್ಕಿಂತ ಒಳ್ಳೆಯ ಪದ್ಧತಿ ನಮಗೆ ಕಂಡಿಲ್ಲ, ಮತ್ತು ಅದನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸಿದ್ದಕ್ಕೆ ನಮ್ಮ ಹುಡುಗರ ಬಗ್ಗೆ ನಮಗೆ ಹೆಮ್ಮೆಯಿದೆ. ನಿಮ್ಮಲ್ಲಿನ ಎರಡು ಡಬ್ಬಿಗಳೂ ಅದೇ ಕಾರಣಕ್ಕೆ ಉಳಿಯುತ್ತವೆ: ನಮ್ಮ ಗೋದಾಮಿನಿಂದ ನಿಮ್ಮ ಕಪಾಟಿಗೆ ಮಾಲು ತಲುಪಲು ಒಂದೆರಡು ದಿನ ಸಾಕು. ಹಡಗಿನ ಅನಿಶ್ಚಿತತೆ ನಮ್ಮ ಬಾಗಿಲಲ್ಲೇ ನಿಲ್ಲಬೇಕು, ನಿಮ್ಮ ವರ್ಕ್‌ಶಾಪ್‌ವರೆಗೆ ಬರಬಾರದು.

ನಿಮ್ಮಿಂದ ಎರಡು ಸಹಾಯ ಬೇಕು. ಮಳೆಗಾಲದ ದುರಸ್ತಿಗೆ ಬೇಕಾಗುವ ಕಿಟ್‌ಗಳ ಅಂದಾಜು ಪಟ್ಟಿಯನ್ನು, ಪೂರ್ತಿ ಖಚಿತವಲ್ಲದಿದ್ದರೂ ಸರಿ, ಫೆಬ್ರುವರಿ ಕೊನೆಯೊಳಗೆ ಕಳುಹಿಸಿರಿ. ಎರಡನೆಯದಾಗಿ, ಸಿಗುವುದೋ ಇಲ್ಲವೋ ಎಂಬ ಆತಂಕದಿಂದ ಬೇಕಾದದ್ದಕ್ಕಿಂತ ದುಪ್ಪಟ್ಟು ಬರೆಸಬೇಡಿರಿ. ಒಬ್ಬರು 20 ಬೇಕಾದಲ್ಲಿ 40 ಎಂದರೆ ಬೇಡಿಕೆಯೇ ಏರಿತೆಂದು ನಾವು ತರಿಸುತ್ತೇವೆ, ಮಾಲು ಬಂದ ದಿನ ಅರ್ಧ ವಾಪಸಾಗುತ್ತದೆ, ಮತ್ತು ಆ ನಡುವೆ ನಿಜವಾಗಿ ಬೇಕಾಗಿದ್ದ ಬೇರೆಯವರಿಗೆ ಸಿಕ್ಕಿರುವುದಿಲ್ಲ.

ಈಗಾಗಲೇ ಬರೆಸಿರುವ ಆರ್ಡರ್‌ಗಳಿಗೆ ಹಳೆಯ ದರವೇ ಅನ್ವಯಿಸುತ್ತದೆ. ಹಂಗಾಮಿನಲ್ಲಿ ರಾತ್ರಿ ಯಂತ್ರ ನಿಂತರೆ ಮೊದಲಿನಂತೆಯೇ ಫೋನ್ ಮಾಡಿರಿ, ನಾವೇ ಬಂದು ಗೋದಾಮು ತೆಗೆದು ಕಿಟ್ ಕೊಡುತ್ತೇವೆ. ಈ ಲೆಕ್ಕದಲ್ಲಿ ಯಾವುದಾದರೂ ಒಪ್ಪಿಗೆಯಾಗದಿದ್ದರೆ ಅಂಗಡಿಗೆ ಬನ್ನಿರಿ. ಕಳೆದ ಕನ್‌ಸೈನ್‌ಮೆಂಟ್‌ಗಳ ಕಾಗದಗಳನ್ನು ನಿಮ್ಮ ಮುಂದೆಯೇ ತೆರೆದಿಡುತ್ತೇವೆ.

ಇತಿ ನಿಮ್ಮ ವಿಶ್ವಾಸಿ,
ವ್ಯವಸ್ಥಾಪಕ ಪಾಲುದಾರರು
ಉದ್ಯಮಬಾಗ, ಬೆಳಗಾವಿ