ಇಪ್ಪತ್ತು ದಿನದಲ್ಲಿ ಚಿಗುರಿದ ಮೆಣಸಿನ ಬಳ್ಳಿ

ಸಂಪಾದಕರೇ,

ಹೋದ ವರ್ಷ ಫೆಬ್ರವರಿಯಲ್ಲಿ, ಮೆಣಸು ಕೊಯ್ಲಿನ ಮಧ್ಯೆ, ನನ್ನ ಮೊಬೈಲಿಗೆ ಒಂದು ವಿಡಿಯೋ ಬಂತು. ತಲೆಗೆ ಟವೆಲ್ ಸುತ್ತಿದ ಒಬ್ಬರು ತೋಟದಲ್ಲಿ ನಿಂತು ಮಾತಾಡುತ್ತಿದ್ದರು. 'ನಾನು ಕೊಡಗಿನ ರೈತ. ಸೊರಗು ರೋಗಕ್ಕೆ ನನ್ನ ಅರ್ಧ ತೋಟ ಹೋಗಿತ್ತು. ಈ ಟಾನಿಕ್ ಹಾಕಿದೆ, ಇಪ್ಪತ್ತೇ ದಿನ, ನೋಡಿ' ಎಂದರು. ಮೊದಲು ಹಳದಿ ಬಳ್ಳಿ, ಆಮೇಲೆ ಹಸಿರು ಬಳ್ಳಿ. ಹಿಂದಿನ ಮಳೆಗಾಲದಲ್ಲಿ ನಮ್ಮಲ್ಲೂ ಮೂವತ್ತಕ್ಕೂ ಜಾಸ್ತಿ ಬಳ್ಳಿ ಹೋಗಿದ್ದವು. ಹೊಟ್ಟೆ ಉರಿಯುತ್ತಿದ್ದವನಿಗೆ ಅಷ್ಟೇ ಸಾಕಾಯಿತು. ಐದು ಲೀಟರ್ ತರಿಸಿದೆ. ಕಂಪನಿಯ ಹೆಸರು ಇಲ್ಲಿ ಬೇಡ. ನಾನು ಮೋಸ ಹೋದದ್ದು ಹೇಗೆ ಅಂತ ಮಾತ್ರ ಬರೆಯುತ್ತೇನೆ.

ಮಳೆ ಬಂತು, ಜುಲೈಯಲ್ಲಿ ಮತ್ತೆ ಬಳ್ಳಿ ಸಾಯಲು ಶುರುವಾಯಿತು. ಸಿಟ್ಟಿನಲ್ಲಿ ಅದೇ ವಿಡಿಯೋವನ್ನು ಮತ್ತೆ ನೋಡಿದೆ, ಈ ಸಲ ಅಲ್ಲಲ್ಲಿ ನಿಲ್ಲಿಸಿ, ಮಾತಿನ ಸದ್ದು ಬಂದ್ ಮಾಡಿ. ಸದ್ದು ಇಲ್ಲದಿದ್ದಾಗ ಕಣ್ಣು ಬೇರೆ ಕಡೆ ಹೋಗುತ್ತದೆ. ಮೊದಲ ಭಾಗದಲ್ಲಿ ನೆಲದ ತುಂಬ ಒಣಗಿದ ತರಗೆಲೆ, ದೂಳು. ಅಂದರೆ ಮಾರ್ಚ್ ಅಥವಾ ಏಪ್ರಿಲ್. ಎರಡನೇ ಭಾಗದಲ್ಲಿ ಮರದ ಕಾಂಡದ ಮೇಲೆ ಒದ್ದೆ ಪಾಚಿ, ಬಳ್ಳಿಯಲ್ಲಿ ಎಳೆ ತೆನೆ ಜೋತಾಡುತ್ತಿದೆ. ನಮ್ಮಲ್ಲಿ ಮೆಣಸಿಗೆ ತೆನೆ ಬರುವುದು ಮುಂಗಾರು ಹಿಡಿದ ಮೇಲೆ, ಜೂನ್ ಜುಲೈಯಲ್ಲಿ. ಇದು ಇಪ್ಪತ್ತು ದಿನದ ಕಥೆ ಹೇಗಾಗುತ್ತದೆ? ಕಡಿಮೆ ಅಂದರೂ ಎರಡು ಮೂರು ತಿಂಗಳು, ನಡುವೆ ಒಂದು ಮಳೆಗಾಲದ ಆರಂಭ.

ಬೇಸಿಗೆಯಲ್ಲಿ ನೀರಿಲ್ಲದೆ, ಫಸಲು ಹೊತ್ತು ಸುಸ್ತಾದ ಬಳ್ಳಿ ಹಳದಿಯಾಗುವುದು ಸಾಮಾನ್ಯ. ಮಳೆ ಬಿದ್ದರೆ ತಾನಾಗಿಯೇ ಚಿಗುರುತ್ತದೆ. ಸೊರಗು ರೋಗದ ದಾರಿಯೇ ಬೇರೆ. ಅದು ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯಿಂದ ಬರುತ್ತದೆ, ಬರುವುದೂ ಮಳೆಗಾಲದಲ್ಲೇ. ಎಲೆ ಮೇಲೆ ಕಪ್ಪು ಮಚ್ಚೆ, ಮಚ್ಚೆಯ ಅಂಚು ನೂಲು ಬಿಚ್ಚಿದ ಹಾಗೆ. ಬುಡಕ್ಕೆ ತಗುಲಿದರೆ ಕೆಲವೇ ವಾರದಲ್ಲಿ ಇಡೀ ಬಳ್ಳಿ ಹೋಗುತ್ತದೆ, ಆಮೇಲೆ ಏನು ಸುರಿದರೂ ಉಳಿಯುವುದಿಲ್ಲ. ಅದಕ್ಕೇ ಮಳೆಗೆ ಮೊದಲೇ ಬೋರ್ಡೋ ಹೊಡೆಯುತ್ತೇವೆ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ವಿಡಿಯೋದ 'ಮೊದಲು' ಬಳ್ಳಿಯಲ್ಲಿ ಒಂದೇ ಒಂದು ಕಪ್ಪು ಮಚ್ಚೆ ಇರಲಿಲ್ಲ. ಅದಕ್ಕೆ ರೋಗವೇ ಇರಲಿಲ್ಲ, ಬಾಯಾರಿಕೆ ಇತ್ತು. ಮಳೆ ಮಾಡಿದ ಕೆಲಸವನ್ನು ಬಾಟಲಿ ತನ್ನ ಲೆಕ್ಕಕ್ಕೆ ಬರೆದುಕೊಂಡಿತ್ತು.

ಆ ಮನುಷ್ಯ ದುಡ್ಡು ತಗೊಂಡು ಹೇಳಿದರೋ, ನಂಬಿಯೇ ಹೇಳಿದರೋ ನನಗೆ ಗೊತ್ತಿಲ್ಲ. ನಂಬಿ ಹೇಳಿದ್ದರೂ ನನ್ನ ಬಳ್ಳಿಗೆ ಏನೂ ವ್ಯತ್ಯಾಸವಾಗುತ್ತಿರಲಿಲ್ಲ, ಅಲ್ವಾ? ನಾವು 'ಇವರು ಸುಳ್ಳು ಹೇಳ್ತಿದ್ದಾರಾ' ಅಂತ ಮುಖ ನೋಡುತ್ತಾ ಕೂರುತ್ತೇವೆ. ನೋಡಬೇಕಾದದ್ದು ಟಾನಿಕ್ ಹಾಕದ ಪಕ್ಕದ ಬಳ್ಳಿಯನ್ನು. ಅದನ್ನು ಯಾವ ವಿಡಿಯೋದಲ್ಲೂ ತೋರಿಸುವುದಿಲ್ಲ.

ಇನ್ನು ಅವರು ಕೊಡಗಿನವರೇ ಅಂತ ಯಾರು ಹೇಳಿದ್ದು? ಬಳ್ಳಿ ಹಬ್ಬಿದ್ದು ಸಿಲ್ವರ್ ಓಕಿಗೂ ಅಲ್ಲ, ಹಾಲುವಾಣಕ್ಕೂ ಅಲ್ಲ, ನಾನು ಇಲ್ಲಿ ಎಲ್ಲೂ ನೋಡದ ಒಂದು ಮರಕ್ಕೆ. ಸುತ್ತ ಒಂದು ಕಾಫಿ ಗಿಡವಿಲ್ಲ. ತುಟಿಗೂ ಮಾತಿಗೂ ಹೊಂದುತ್ತಿರಲಿಲ್ಲ. ಮಗಳು facebook.com/ads/library ತೆರೆದು ಆ ವಿಡಿಯೋ ಹಾಕಿದ್ದ ಫೇಸ್‌ಬುಕ್ ಪೇಜಿನ ಹೆಸರು ಹಾಕಿದಳು. ಒಂದು ಪೇಜು ಈಗ ಯಾವ ಯಾವ ಜಾಹೀರಾತು ಓಡಿಸುತ್ತಿದೆ, ಯಾವತ್ತಿನಿಂದ ಅಂತ ಅಲ್ಲಿ ಯಾರು ಬೇಕಾದರೂ ನೋಡಬಹುದು. ಅದೇ ಟವೆಲಿನ ಮನುಷ್ಯ ತೆಲುಗಿನಲ್ಲಿ ಬೇರೆ ಊರಿನ ರೈತನಾಗಿದ್ದರು, ಅಲ್ಲಿ ಬೆಳೆ ಮೆಣಸಿನಕಾಯಿ! ಜಾಹೀರಾತು ನಿಲ್ಲಿಸಿದ ಮೇಲೆ ಅಲ್ಲಿಂದ ಮಾಯವಾಗಬಹುದು. ಅದಕ್ಕೆ ಸಿಕ್ಕಾಗಲೇ ಸ್ಕ್ರೀನ್‌ಶಾಟ್ ತೆಗೆದಿಡಬೇಕು.

ಆದರೂ ರಿವ್ಯೂ ಓದಿಯೇ ತಗೊಂಡೆ ಅನ್ನುವ ಸಮಾಧಾನ ನನಗಿತ್ತು. ಶಾಪಿಂಗ್ ಸೈಟಿನಲ್ಲಿ 4.6 ಸ್ಟಾರ್. ಆಮೇಲೆ ಸ್ಟಾರ್ ಬಿಟ್ಟು ತಾರೀಕು ನೋಡಿದೆ. ಐದು ಸ್ಟಾರಿನವು ಹೆಚ್ಚಿನವು ಒಂದೇ ವಾರದಲ್ಲಿ ಬಿದ್ದಿದ್ದವು. ಬರೆದದ್ದೇನು? 'ಪ್ಯಾಕಿಂಗ್ ಚೆನ್ನಾಗಿದೆ', 'ಬೇಗ ಬಂತು', 'ಸೂಪರ್ ರಿಸಲ್ಟ್'. ಬೇಗ ಬಂತು ಎಂದು ಬರೆದವರಿಗೆ ರಿಸಲ್ಟ್ ಯಾವಾಗ ಬಂತೋ! ತೆನೆ ಕಟ್ಟಿ ಕಾಳು ಬಲಿಯಲು ಆರೆಂಟು ತಿಂಗಳು ಬೇಕಾದ ಬೆಳೆಗೆ, ಪಾರ್ಸೆಲ್ ಒಡೆದ ಮೂರನೇ ದಿನದ ಹೊಗಳಿಕೆ ಎಷ್ಟು ಬಂದರೂ ಲೆಕ್ಕ ಸೊನ್ನೆ. ತಿಂಗಳುಗಳ ನಂತರ ಬರೆದವರು ನಾಲ್ಕೇ ಜನ ಸಿಕ್ಕರು, ಎರಡು ಮೂರು ಸ್ಟಾರ್ ಕೊಟ್ಟವರು. ಒಬ್ಬರು 'ಎಲೆ ಹಸಿರಾಯಿತು, ಬಳ್ಳಿ ಸತ್ತಿತು' ಅಂತ ಬರೆದಿದ್ದರು. ಅದನ್ನು ಫೆಬ್ರವರಿಯಲ್ಲೇ ಓದಿದ್ದರೆ! ಹಳೆಯ ರಿವ್ಯೂಗಳವರೆಗೆ ಇಳಿದಾಗ ಒಂದು ಕಡೆ 'ಬೆಲ್ಟ್ ಗಟ್ಟಿಯಾಗಿದೆ' ಅಂತಲೂ ಇತ್ತು. ಬೇರೆ ಯಾವುದೋ ಸಾಮಾನಿನ ಹಳೇ ಪುಟಕ್ಕೆ ಹೊಸ ಸಾಮಾನು ಕೂರಿಸಿ, ಅದರ ಸ್ಟಾರುಗಳನ್ನೂ ಬಳಸಿಕೊಳ್ಳುವ ಉಪಾಯ ಇದು.

'ಖರೀದಿಸಿದವರು' ಎಂಬ ಗುರುತು ಇದ್ದರೆ ನಂಬಬಹುದು ಅಂತ ಕೆಲವರು ಹೇಳುತ್ತಾರೆ. ಆ ಗುರುತು ಹೇಳುವುದು ಆರ್ಡರ್ ಆಗಿದೆ ಅಂತ ಮಾತ್ರ. ಆರ್ಡರ್ ಮಾಡಿಸಿ, ಐದು ಸ್ಟಾರ್ ಹಾಕಿಸಿ, ಆಮೇಲೆ ದುಡ್ಡನ್ನು ಯುಪಿಐನಲ್ಲಿ ವಾಪಸ್ ಕಳಿಸುವ ದಂಧೆ ಇದೆ. ಹೋಮ್‌ಸ್ಟೇ ನಡೆಸುವ ನನ್ನ ಭಾವನಿಗೂ ರಿವ್ಯೂ ಮಾರುವವರು ಫೋನ್ ಮಾಡುತ್ತಲೇ ಇರುತ್ತಾರಂತೆ.

ಕೊನೆಗೆ ನನ್ನ ಕಣ್ಣು ತೆರೆಸಿದ್ದು ಬಾಟಲಿಯ ಲೇಬಲ್. ವಿಡಿಯೋದಲ್ಲಿ ಸೊರಗು ರೋಗ ವಾಸಿ ಮಾಡುತ್ತದೆ ಅಂತ ಕೂಗಿದ್ದ ಕಂಪನಿ, ಲೇಬಲ್ ಮೇಲೆ ರೋಗದ ಹೆಸರನ್ನೇ ಎತ್ತಿರಲಿಲ್ಲ. 'ಸಸ್ಯ ಬೆಳವಣಿಗೆಗೆ ಸಹಾಯಕ' ಅಂತಷ್ಟೇ ಇತ್ತು. ರೋಗಕ್ಕೆ ಔಷಧಿ ಅಂತ ಮಾರಬೇಕಾದರೆ 1968ರ ಕೀಟನಾಶಕ ಕಾಯ್ದೆಯ ಪ್ರಕಾರ ನೋಂದಣಿ ಆಗಬೇಕು, ಲೇಬಲ್ ಮೇಲೆ ನೋಂದಣಿ ಸಂಖ್ಯೆ ಇರಬೇಕು. ಅಚ್ಚಿನಲ್ಲಿ ಬರೆದರೆ ಸಿಕ್ಕಿಬೀಳುತ್ತಾರೆ, ಅದಕ್ಕೆ ಆ ಮಾತನ್ನು ಟವೆಲಿನವರ ಬಾಯಲ್ಲಿ ಹೇಳಿಸಿದರು. ಈಗ ನಾನು ವಿಡಿಯೋ ನೋಡಿದ ಮೇಲೆ ಮೊದಲು ಲೇಬಲಿನ ಫೋಟೋ ಕೇಳುತ್ತೇನೆ. ಕಳಿಸದಿದ್ದರೆ ಅಲ್ಲಿಗೆ ಮುಗಿಯಿತು. ಅನುಮಾನವಿದ್ದರೆ ನಮ್ಮ ಅಪ್ಪಂಗಳದಲ್ಲೇ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರವಿದೆ, ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ಆನ್‌ಲೈನ್ ರಿವ್ಯೂ ಹೇಗಿರಬೇಕು ಅಂತ 2022ರಲ್ಲಿ ಭಾರತೀಯ ಮಾನಕ ಬ್ಯೂರೋ ಐಎಸ್ 19000 ಎಂಬ ಮಾನದಂಡ ಹೊರಡಿಸಿತು. ಕಂಪನಿಗಳು ಇಷ್ಟವಿದ್ದರೆ ಪಾಲಿಸಬಹುದು ಅಂತ ಬಿಟ್ಟರು, ಪರಿಣಾಮ ನಿಮಗೇ ಗೊತ್ತು. ದೂರು ಕೊಡುವವರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ನಾನು ಕೊಟ್ಟಿದ್ದೇನೆ. ಸ್ಕ್ರೀನ್‌ಶಾಟ್, ಬಿಲ್ಲು, ಲೇಬಲ್ ಫೋಟೋ ಮೂರೂ ಇದ್ದದ್ದು ಉಪಯೋಗಕ್ಕೆ ಬಂತು. ಅಂದಹಾಗೆ, ಪತ್ರಿಕೆಗಳಲ್ಲೂ ಸುದ್ದಿಯ ಹಾಗೆ ಕಾಣುವ ಜಾಹೀರಾತು ಬರುತ್ತದೆ. 'ಜಾಹೀರಾತು' ಎಂಬ ಪದ ನನ್ನಂಥ ಚಾಳೀಸಿನವನಿಗೂ ಕಾಣುವಷ್ಟು ದೊಡ್ಡದಾಗಿ ಅಚ್ಚಾದರೆ ಉಪಕಾರ.

ಉಳಿದ ಟಾನಿಕ್ ಸುಮ್ನೆ ಚೆಲ್ಲಲಿಲ್ಲ. ಈ ಮಳೆಗೆ ಮೊದಲು ಒಂದೇ ಸಾಲಿನ ಹತ್ತು ಬಳ್ಳಿ ಆರಿಸಿ, ಒಂದು ಬಿಟ್ಟು ಒಂದಕ್ಕೆ ಹಾಕಿ ಕೆಂಪು ದಾರ ಕಟ್ಟಿದೆ. ಹತ್ತಕ್ಕೂ ಬೋರ್ಡೋ ಹೊಡೆಸಿದ್ದೆ. ಆಗಸ್ಟಿನಲ್ಲಿ ಪಕ್ಕದ ತೋಟದ ಅಣ್ಣನನ್ನು ಕರೆದು, ದಾರ ಎಲೆಯಲ್ಲಿ ಮುಚ್ಚಿ, ಟಾನಿಕ್ ಹಾಕಿದ್ದು ಯಾವುದು ಹೇಳಿ ಅಂದೆ. ಅವರು ಎರಡು ಸುತ್ತು ಬಂದು ಐದು ಬಳ್ಳಿ ತೋರಿಸಿದರು. ಮೂರಕ್ಕೆ ದಾರ ಇರಲಿಲ್ಲ.

ಇಂತಿ,
ಒಬ್ಬ ಬೆಳೆಗಾರ
ಸೋಮವಾರಪೇಟೆ ತಾಲ್ಲೂಕು, ಕೊಡಗು