ಚಿರಂಜೀವಿ ‘ಚಿ||’ ಆದ ದಾರಿ

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಎಂದರೆ ಮಂಡ್ಯದವರಿಗೆ ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿ ನೆನಪಾಗುತ್ತದೆ. ಕ್ರಿ.ಶ. 949–50ರ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ, ರಾಜ, ಯುದ್ಧ ಯಾವುದನ್ನೂ ಹೇಳುವ ಮೊದಲು ಅದು ‘ಸ್ವಸ್ತಿ’ ಎನ್ನುತ್ತದೆ. ಸು, ಅಸ್ತಿ: ಒಳಿತಾಗಲಿ. ಊರಿನಿಂದ ನಮಗೆ ಬರುವ ಲಗ್ನಪತ್ರಿಕೆಗಳಲ್ಲಿ ‘ಸ್ವಸ್ತಿ ಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ’ ಎಂಬ ಸಾಲು ಇಂದಿಗೂ ಇರುತ್ತದೆ. ಅದನ್ನು ನಿಂತು ಓದುವವರು ಕಡಿಮೆ. ಮುಹೂರ್ತದ ಹೊತ್ತು, ಛತ್ರದ ವಿಳಾಸ ನೋಡಿ ಮಡಿಸಿಡುತ್ತೇವೆ.

ಹಾರೈಕೆ ಮೊದಲು ಪೂರ್ತಿ ವಾಕ್ಯವಾಗಿರುತ್ತದೆ. ದಿನವೂ ಬಳಸಿದಂತೆ ನಾಲಿಗೆ ಅದನ್ನು ಮೊಟಕು ಮಾಡುತ್ತದೆ, ಅರ್ಥ ಹಿಂದೆ ಸರಿಯುತ್ತದೆ, ಕೊನೆಗೆ ರೂಢಿಯಷ್ಟೇ ಉಳಿಯುತ್ತದೆ. ನಾವು ಇಲ್ಲಿ ದಿನಕ್ಕೆ ಹತ್ತಾರು ಸಲ ಹೇಳುವ ‘ಗುಡ್‌ಬೈ’ ನಡೆದು ಬಂದದ್ದೂ ಹೀಗೆಯೇ. ಅದು ‘ಗಾಡ್ ಬಿ ವಿತ್ ಯೀ’, ಅಂದರೆ ದೇವರು ನಿಮ್ಮೊಂದಿಗಿರಲಿ ಎಂಬ ಹರಕೆ. 1573ರಲ್ಲಿ ಗೇಬ್ರಿಯಲ್ ಹಾರ್ವೆ ಎಂಬ ಇಂಗ್ಲಿಷ್ ವಿದ್ವಾಂಸ ಪತ್ರವೊಂದರಲ್ಲಿ ಅದನ್ನು godbwye ಎಂದು ಒಂದೇ ಪದವಾಗಿ ಬರೆದಿದ್ದಾನೆ. ಆಗಲೇ ಅದು ಅಷ್ಟು ಸವೆದಿತ್ತು. ಮೂಲ ಮರೆತ ಮೇಲೆ ‘ಗುಡ್ ಡೇ’, ‘ಗುಡ್ ನೈಟ್’ಗಳ ಜೊತೆಗೆ ಸೇರಿ ಗಾಡ್ ಹೋಗಿ ಗುಡ್ ಬಂತು. ಇಂದಿನ ಬರಿಯ ‘ಬೈ’ಯಲ್ಲಿ ದೇವರೂ ಇಲ್ಲ, ಒಳ್ಳೆಯದೂ ಇಲ್ಲ.

ನಮ್ಮಲ್ಲಿ ಸವೆತ ಹೆಚ್ಚಾಗಿ ಕಾಣುವುದು ಪತ್ರಗಳಲ್ಲಿ. ‘ಉಭಯ ಕುಶಲೋಪರಿ ಸಾಂಪ್ರತ’ ಎಂಬುದು ‘ಉ|| ಕು|| ಸಾಂಪ್ರತ’ ಆಯಿತು. ದೀರ್ಘಕಾಲ ಬದುಕು ಎಂಬ ‘ಚಿರಂಜೀವಿ’ ಒಂದೇ ಅಕ್ಷರಕ್ಕೆ ಇಳಿಯಿತು. ವಧುವಿನ ಹೆಸರಿನ ಹಿಂದೆ ಬರುವ ‘ಚಿ|| ಕುಂ|| ಸೌ||’ ನೋಡಿ. ಕುಂಕುಮ ಸೌಭಾಗ್ಯವತಿ ಎಂದರೆ ಮುತ್ತೈದೆ. ಪತ್ರಿಕೆ ಅಚ್ಚಾಗುವಾಗ ಆಕೆಗೆ ಮದುವೆಯೇ ಆಗಿರುವುದಿಲ್ಲ. ಹಾಗಾಗಿ ಅದು ವಿವರವಲ್ಲ, ಹಿರಿಯರು ಮುಂಗಡವಾಗಿ ಕೊಟ್ಟ ಆಶೀರ್ವಾದ.

ಅರ್ಥ ಮಸುಕಾದರೂ ಈ ‘ಚಿ||’ ಗುಡ್‌ಬೈಯಷ್ಟು ಸವೆದಿಲ್ಲ ಎನ್ನುವುದಕ್ಕೆ ಒಂದು ಗುರುತು ಇದೆ. ಗುಡ್‌ಬೈ ಯಾರು ಯಾರಿಗೆ ಬೇಕಾದರೂ ಹೇಳಬಹುದು. ಆದರೆ ‘ಚಿ||’ ಎಂದರೇನೆಂದು ಬಿಡಿಸಿ ಹೇಳಲು ಬಾರದವರೂ ಅಜ್ಜನ ಹೆಸರಿನ ಹಿಂದೆ ಅದನ್ನು ಬರೆಯುವುದಿಲ್ಲ. ತಂದೆಗೆ ‘ತೀರ್ಥರೂಪ’, ಮಗನಿಗೆ ‘ಚಿರಂಜೀವಿ’. ಆಶೀರ್ವಾದ ಹಿರಿಯರಿಂದ ಕಿರಿಯರಿಗೆ ಹರಿಯಬೇಕು ಎಂಬ ನಿಯಮ ಆ ಒಂದು ಅಕ್ಷರದಲ್ಲಿ ಇನ್ನೂ ಗಟ್ಟಿಯಾಗಿದೆ. ನನಗೆ ಇದು ಬಹಳ ಹಿಡಿಸುತ್ತದೆ.

ಮುಂದಿನ ಸಂಚಿಕೆಯಲ್ಲಿ ಇಂತಹ ಒಕ್ಕಣೆಗಳಿಗೆ ಒಂದು ಪುಟ ಮೀಸಲಿಡುತ್ತಿದ್ದೇವೆ. ನಿಮ್ಮ ಮನೆಯ ಹಳೆಯ ಪತ್ರಗಳ ಮೊದಲ ಎರಡು ಸಾಲುಗಳನ್ನು, ಅಕ್ಷರ ತಿದ್ದದೆ, ಯಾವ ಊರಿನಿಂದ ಯಾವ ವರ್ಷ ಬರೆದದ್ದು ಎಂಬುದರೊಂದಿಗೆ ಕಳುಹಿಸಿಕೊಡಿ. ಒಳಗಿನ ಮನೆಮಾತು ನಿಮ್ಮಲ್ಲಿಯೇ ಇರಲಿ.